ಆಂಜಿನಮ್ಮನ ಒಂಬತ್ತು ಸಾಲು

ಮಧುಗಿರಿ ಕೋಟೆಯ ಬುಡದಲ್ಲಿ ನಾಲ್ಕು ತಲೆಮಾರಿನಿಂದ ಇದ್ದ ಬೊಮ್ಮಪ್ಪನ ಮನೆಯ ಎರಡನೇ ಮಗಳು ಆಂಜಿನಮ್ಮ. ಅಪ್ಪ ಕಲ್ಲು ಕಟ್ಟುವ ಕೆಲಸದವನು. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪ್ ಹೊಡೆಯುವುದನ್ನು ಕಲಿತು, ಇಂಗ್ಲಿಷ್ ಹೈಯರ್ ಪಾಸು ಮಾಡಿಕೊಂಡಳು. ಎಂಬತ್ತೇಳರಲ್ಲಿ ನಮ್ಮ ಕುರಿ ಯೋಜನೆಯ ಆಫೀಸಿಗೆ ಹಂಗಾಮಿ ಟೈಪಿಸ್ಟ್ ಆಗಿ ಬಂದಳು. ಹಂಗಾಮಿ ಅಂದರೆ, ವರ್ಷ ವರ್ಷ ಮಾರ್ಚ್ ಮೂವತ್ತೊಂದಕ್ಕೆ ಕೆಲಸ ಹೋಗುತ್ತದೆ, ಮೇಲಿನವರು ಕೃಪೆ ಮಾಡಿದರೆ ಏಪ್ರಿಲ್ ಎರಡಕ್ಕೆ ಮತ್ತೆ ಬರುತ್ತದೆ. ನಾನು ನಾಗಲಿಂಗಯ್ಯ, ಅಲ್ಲೇ ಉಗ್ರಾಣ ಮತ್ತು ರವಾನೆ ಗುಮಾಸ್ತ. ಕಾಯಂ ನೌಕರ. ಈ ಕಾಯಂ ಅನ್ನುವ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಇವತ್ತು ಅದನ್ನು ಹೇಳುವಾಗ ನನಗೆ ನಾಚಿಕೆಯಾಗುತ್ತದೆ.

ಯೋಜನೆ ಏನೆಂದರೆ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಟ್ಟಿಗಳ ಕುರಿಗಳಿಗೆ ಜಂತಿನ ಔಷಧಿ ಕುಡಿಸುವುದು. ದುಡ್ಡು ಪರದೇಶದ್ದು. ಔಷಧಿಯನ್ನು ಪರೀಕ್ಷೆ ಮಾಡಿ ಬುದ್ಧಿ ಹೇಳುವ ಟ್ರೆಂಬತ್ ಅನ್ನುವ ಪಶುವೈದ್ಯರು ಇಂಗ್ಲೆಂಡಿನಲ್ಲಿ. ಹಟ್ಟಿಗೆ ಹೋಗಿ ಕುರಿಯ ಬಾಯಿಗೆ ಔಷಧಿ ಹಾಕುವ ಮೂವರು ಸಹಾಯಕರಲ್ಲಿ ಒಬ್ಬ ತಮಿಳಿನವನು, ಒಬ್ಬ ಕೇರಳದವನು, ಮೂರನೆಯವನು ಪಾವಗಡದ ಆಚೆಯ ಕದರಪ್ಪ. ಕದರಪ್ಪನ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಮೂವರಿಗೂ ಸಾಮಾನ್ಯವಾಗಿ ಓದಲು ಬರುತ್ತಿದ್ದುದು ಇಂಗ್ಲಿಷ್ ಒಂದೇ, ಅದೂ ಡಬ್ಬಿಯ ಮೇಲಿನ ಚೀಟಿ ಓದುವಷ್ಟು.

ಎಂಬತ್ತೊಂಬತ್ತರ ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ ಬೆಂಗಳೂರು ಬಸ್ಸಿನ ಕಂಡಕ್ಟರ್ ಒಂದು ಲಕೋಟೆ ಕೊಟ್ಟು ಹೋದ. ಒಳಗೆ ಎರಡು ಅಂಚಿಗೂ ತೂತುಗಳಿದ್ದ, ಮಡಿಸಿದರೆ ಮಡಿಸುತ್ತಲೇ ಇರಬೇಕಾದ ಉದ್ದನೆಯ ಕಾಗದ. ಅದು ಇ-ಮೇಲ್. ಟ್ರೆಂಬತ್ ಅಲ್ಲಿ ಕಂಪ್ಯೂಟರಿನಲ್ಲಿ ಬರೆದರೆ, ಬೆಂಗಳೂರಿನ ಒಂದು ವಿದ್ಯಾಸಂಸ್ಥೆಯ ಕಂಪ್ಯೂಟರಿಗೆ ತಂತಿಯಲ್ಲಿ ಬರುತ್ತಿತ್ತು. ಅವರು ಮುದ್ರಿಸಿ ಲಕೋಟೆಗೆ ಹಾಕಿ ಬಸ್ಸಿಗೆ ಕೊಡುತ್ತಿದ್ದರು. ಸಮುದ್ರ ದಾಟಲು ಒಂದು ದಿನ, ಮೆಜೆಸ್ಟಿಕ್ಕಿನಿಂದ ಮಧುಗಿರಿಗೆ ಬರಲು ಇನ್ನೊಂದು ದಿನ.

ನಮ್ಮ ಹೆಡ್ ಕ್ಲರ್ಕ್ ಪರ್ವತಯ್ಯ ಕನ್ನಡಕ ಏರಿಸಿಕೊಂಡು ಅದನ್ನು ಕೈಗೆ ತೆಗೆದುಕೊಂಡರು. ಸಾಹೇಬರು ಹೈದರಾಬಾದಿಗೆ ತರಬೇತಿಗೆ ಹೋಗಿದ್ದರಿಂದ ಆ ವಾರ ಪರ್ವತಯ್ಯನವರದೇ ರಾಜ್ಯ. ಮೊದಲ ಹದಿನೆಂಟು ಸಾಲು ಬರೀ ಆ ಇ-ಮೇಲ್ ಹಾದು ಬಂದ ಯಂತ್ರಗಳ ಹೆಸರು, ನಡುನಡುವೆ ಆಶ್ಚರ್ಯಸೂಚಕ ಚಿಹ್ನೆಗಳು. ಅವರು ಅದಷ್ಟನ್ನೂ ಆವಕ ವಹಿಯಲ್ಲಿ ನಕಲು ಮಾಡಿಸಿದರು. ನಕಲು ಮಾಡಿದವನು ನಾನೇ. ಮುಗಿಸುವಷ್ಟರಲ್ಲಿ ಒಂದೂವರೆ ಗಂಟೆ.

ಆಮೇಲೆ ವಿಷಯಕ್ಕೆ ಬಂದರು. ವಿಷಯದ ಮೊದಲ ವಾಕ್ಯ ಹೀಗೆ ಶುರುವಾಗುತ್ತಿತ್ತು: ಎಲೆವೆಂತ್ ಅವರ್‌ನಲ್ಲಿ ಸ್ಪ್ಯಾನರ್ ಇನ್ ದಿ ವರ್ಕ್ಸ್ ಎಸೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಅಲ್ಲಿಂದ ಹೊರಟ ಆ ವಾಕ್ಯ ಎಂಬತ್ತೇಳು ಪದ ದಾಟಿ ಫುಲ್‌ಸ್ಟಾಪಿಗೆ ತಲುಪುವ ಹೊತ್ತಿಗೆ ಓದುವವನಿಗೆ ಬಾಯಾರಿಕೆ. ನಡುವೆ ಆರು ಅಲ್ಪವಿರಾಮ, ನಾಲ್ಕು 'ವಿಚ್', ಎರಡು 'ಪರ್ಹ್ಯಾಪ್ಸ್'. ಕೊನೆಯಲ್ಲಿ, ಕೀಪ್ ಯುವರ್ ಪೌಡರ್ ಡ್ರೈ ಅಂತ ಒಂದು ಬುದ್ಧಿವಾದ.

"ನಾಗಲಿಂಗಯ್ಯ, ನಮ್ಮ ಉಗ್ರಾಣದಲ್ಲಿ ಸ್ಪ್ಯಾನರ್ ಎಷ್ಟಿವೆ?" ಅಂದರು ಪರ್ವತಯ್ಯ.

"ಎರಡು ಸಾರ್. ಜೀಪಿನದು."

"ಎರಡೂ ಇದಾವೋ ನೋಡಿ ವರದಿ ಕೊಡಿ. ಯಾರೋ ಎಸೆದಿದ್ದಾರೆ ಅಂತ ಪರದೇಶದವರೆಗೂ ಸುದ್ದಿ ಹೋಗಿದೆ. ಪೌಡರ್ ಒಣಗಿರಬೇಕು ಅಂತಲೂ ಇದೆ."

"ನಮ್ಮದು ನೀರೌಷಧಿ ಸಾರ್. ಪೌಡರೇ ಇಲ್ಲ."

"ಇಲ್ಲ ಅಂತ ಬರೆದು ಕೊಡಿ."

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿಯ ಮನುಷ್ಯ. ನಾನು ಹೋಗಿ ಸ್ಪ್ಯಾನರ್ ಎಣಿಸಿ, ಎರಡೂ ಇವೆ, ಪೌಡರ್ ಇಲ್ಲ ಎಂದು ಬರೆದು ಕೊಟ್ಟೆ. ಬರೆದು ಕೊಟ್ಟವನು ಇವರಿಗಿಂತ ಬುದ್ಧಿವಂತ ಅಂತ ನಾನು ಅನ್ನುತ್ತಿಲ್ಲ.

ಕಾಗದವನ್ನು ಕಡತಕ್ಕೆ ಸೇರಿಸುವ ಮೊದಲು ಟೈಪು ಮಾಡಬೇಕೆಂದು ಆಂಜಿನಮ್ಮನ ಮೇಜಿಗೆ ಹೋಯಿತು. ಅವಳು ಟೈಪು ಮಾಡಲಿಲ್ಲ. ಪೆನ್ಸಿಲ್ ಹಿಡಿದು ಓದುತ್ತಾ ಕೂತಳು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದಳು.

"ಅಣ್ಣಾ, ಸೋಮವಾರ ಮದಲೂರಲ್ಲಿ ಕ್ಯಾಂಪ್ ಐತಲ್ಲ, ಯಾವ ಔಷಧಿ ಹೋಗ್ತೈತೆ?"

"ಹೊಸದು. ಕೆಂಪು ಚೀಟಿದು."

"ಹೆಣ್ಣು ಕುರಿಗೂ ಹಾಕ್ತಾರಾ?"

"ನಾನೂರು ತಲೆ ಅಂತ ಆರ್ಡರ್. ಹೆಣ್ಣು ಗಂಡು ಅಂತ ಯಾವನು ನೋಡ್ತಾನೆ?"

ಅವಳು ಪೆನ್ಸಿಲನ್ನು ಒಂದು ಸಾಲಿನ ಕೆಳಗೆ ಒತ್ತಿದಳು. "ಹಾಕಬಾರದು ಅಂತ ಬರದವ್ರೆ, ಅಣ್ಣಾ. ಇದರಾಗೆ ಬರದಿರೋದು ಅದೊಂದೇ. ಮಿಕ್ಕಿದ್ದೆಲ್ಲ ಮರ್ಯಾದೆ ಮಾತು."

ಆ ಎಂಬತ್ತೇಳು ಪದದ ಹೊಟ್ಟೆಯೊಳಗೆ ಇದ್ದ ಸಂಗತಿ ಇಷ್ಟು. ಹೊಸ ಔಷಧಿಯನ್ನು ಗಬ್ಬ ಕಟ್ಟಿದ ಮೊದಲ ತಿಂಗಳಲ್ಲಿ ಕುಡಿಸಿದರೆ ಒಳಗಿನ ಮರಿಗೆ ಕೇಡು. ಕುರಿ ದಿನ ತುಂಬದೆ ಕಂದು ಹಾಕಬಹುದು, ಇಲ್ಲವೇ ಮರಿ ಸೊಟ್ಟಗೆ ಹುಟ್ಟಬಹುದು. ಮದಲೂರಿನ ಕೆರೆಯಂಚಿನ ಹಟ್ಟಿಯಲ್ಲಿ ಹೊನ್ನಕ್ಕ ಅನ್ನುವ ಹೆಂಗಸಿನ ಮಂದೆಯೇ ದೊಡ್ಡದು. ಗಂಡ ಹೋದಮೇಲೆ ಆ ಮಂದೆಯೊಂದೇ ಅವಳ ಬದುಕು. ಸೋಮವಾರ ಬೆಳಿಗ್ಗೆ ಮೊದಲು ನಿಲ್ಲುವುದು ಅವಳದೇ ಕುರಿಗಳು.

ನಾವಿಬ್ಬರೂ ಪರ್ವತಯ್ಯನವರ ಮುಂದೆ ನಿಂತೆವು. ಆಂಜಿನಮ್ಮ ಹೇಳಿದಳು. ಅವರು ಪೂರ್ತಿ ಕೇಳಿ, ಕಾಗದವನ್ನು ತಲೆಯಿಂದ ಬಾಲದವರೆಗೆ ಎಳೆದು ನೋಡಿದರು.

"ಸಹಿ ಎಲ್ಲಮ್ಮ?"

"ಕಂಪ್ಯೂಟರಿಂದ ಬಂದದ್ದು ಸಾರ್, ಸಹಿ ಇರಲ್ಲ. ಕೆಳಗೆ ಹೆಸರು ಐತೆ."

"ಹೆಸರು ಯಾರು ಬೇಕಾದರೂ ಹೊಡೀಬಹುದು. ಸಹಿ ಇಲ್ಲದ ಕಾಗದಕ್ಕೆ ನಮ್ಮಲ್ಲಿ ಏನಂತಾರೆ?"

ಉತ್ತರವನ್ನೂ ಅವರೇ ಕೊಟ್ಟರು.

"ಮೂಗರ್ಜಿ. ಮೂಗರ್ಜಿ ಮೇಲೆ ಯಾವ ಕ್ರಮವನ್ನೂ ತಗೋಬಾರದು ಅಂತ ಸುತ್ತೋಲೆಯೇ ಇದೆ." ಎಂದು ಅಂಚಿನಲ್ಲಿ 'ಕಡತಕ್ಕೆ ಸೇರಿಸಿ' ಅಂತ ಬರೆದು ತಾವು ಮಾತ್ರ ದೊಡ್ಡದಾಗಿ ಸಹಿ ಹಾಕಿದರು.

ಹಿಂದಿನ ಇ-ಮೇಲುಗಳ ಗತಿ ಏನಾಗಿತ್ತು ಅಂತ ನೀವು ಕೇಳಬಹುದು. ಅವೂ ಮೂಗರ್ಜಿಗಳ ಕಡತದಲ್ಲೇ ಇದ್ದವು, ಕೊರಟಗೆರೆಯವನೊಬ್ಬ ನಮ್ಮ ಡ್ರೈವರ್ ಮೇಲೆ ಬರೆದ ಚಾಡಿ ಪತ್ರದ ಪಕ್ಕದಲ್ಲಿ. ಎರಡು ವರ್ಷ ಆ ಪುಣ್ಯಾತ್ಮ ಅಲ್ಲಿ ಕೂತು ಬುದ್ಧಿ ಹೇಳಿದ್ದ, ನಾವಿಲ್ಲಿ ದಾರ ಹಾಕಿ ಕಟ್ಟಿದ್ದೆವು.

ಸಾಹೇಬರನ್ನೇ ಕೇಳೋಣವೆಂದು ಹೈದರಾಬಾದಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಸಂಜೆಯವರೆಗೂ ಸಿಗಲಿಲ್ಲ. ಆಂಜಿನಮ್ಮ ಮನೆಗೆ ಹೋಗಲಿಲ್ಲ. "ಕದರಪ್ಪಂಗೆ ಓದಾಕೆ ಬರೋ ಹಂಗೆ ಇಂಗ್ಲಿಷಲ್ಲೇ ತಿರುಗಿ ಬರೀತೀನಿ. ಓದಿದರೆ ಅವರೇ ನಿಲ್ಲಿಸ್ತಾರೆ," ಅಂದಳು.

"ಕನ್ನಡದಲ್ಲಿ ಬರಿ ಕಣಮ್ಮ, ಸುಲಭ."

"ಮಿಕ್ಕ ಇಬ್ಬರಿಗೆ ಓದಾಕೆ ಬರಲ್ವಲ್ಲ ಅಣ್ಣಾ."

ಅವಳು ಮಾಡಿದ ಕೆಲಸವನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ. ಮೊದಲು ಆ ಉದ್ದನೆಯ ವಾಕ್ಯದಲ್ಲಿ ಯಾರು ಏನು ಮಾಡಬೇಕು ಅನ್ನುವಲ್ಲೆಲ್ಲ ಗೆರೆ ಎಳೆದಳು. ನಾಲ್ಕು ಕಡೆ ಗೆರೆ ಬಿತ್ತು. ಆಮೇಲೆ ಆ ಚಮತ್ಕಾರದ ಮಾತುಗಳ ಮೇಲೆ ಕಣ್ಣು ಹಾಕಿದಳು. ಸ್ಪ್ಯಾನರ್ ಬಂದದ್ದು ಬರೀ, ಕೊನೇ ಗಳಿಗೆಯಲ್ಲಿ ಕೆಲಸಕ್ಕೆ ಅಡ್ಡ ಬರುತ್ತಿದ್ದೇನೆ ಅಂತ ಕ್ಷಮೆ ಕೇಳಲು. ತೆಗೆದುಬಿಟ್ಟರೆ ಕುರಿಗೇನೂ ನಷ್ಟವಿಲ್ಲ, ತೆಗೆದಳು. ಪೌಡರಿನ ಮಾತನ್ನು ಹಾಗೆ ತೆಗೆಯುವಂತಿರಲಿಲ್ಲ. ಕಾದುಕೊಂಡಿರಿ, ಈಗಲೇ ಖರ್ಚು ಮಾಡಬೇಡಿ ಎಂಬ ಸೂಚನೆ ಅದರೊಳಗಿತ್ತು. ಅದಕ್ಕೆ ಬದಲು 'ಉಳಿದ ಡಬ್ಬಿಗಳನ್ನು ಉಗ್ರಾಣದಲ್ಲಿ ಇಡಿ' ಎಂದು ನೇರವಾಗಿ ಬರೆದಳು. 'ಟಪ್' ಎಂಬ ಪದ ಇಬ್ಬರಿಗೂ ಗೊತ್ತಿರಲಿಲ್ಲ. ಹೈಸ್ಕೂಲಿನ ಮೇಷ್ಟ್ರ ಮನೆಗೆ ಹೋಗಿ ದಪ್ಪ ನಿಘಂಟು ನೋಡಿಕೊಂಡು ಬಂದಳು. ಟಗರು ಅಂತ ಅರ್ಥ. ಅದನ್ನೂ ಡಬ್ಬಿಯ ಚೀಟಿಯಲ್ಲಿರುವ, ಕದರಪ್ಪನಿಗೆ ಗೊತ್ತಿರುವ ಪದವಾಗಿ ಮಾಡಿದಳು. ಬೇರೆ ಔಷಧಿ ಹದಿನೈದು ದಿನದ ಆಸುಪಾಸಿನಲ್ಲಿ ಬರುತ್ತದೆ ಎಂದಿತ್ತು. ಯಾವತ್ತಿನಿಂದ ಹದಿನೈದು ದಿನ ಅಂತ ಓದುವವನು ತಲೆ ಕೆಡಿಸಿಕೊಳ್ಳಬಾರದು ಎಂದು, ಕಾಗದ ಬರೆದ ತಾರೀಖಿನಿಂದ ಎಣಿಸಿ 'ಮಾರ್ಚ್ ಹತ್ತರ ಹೊತ್ತಿಗೆ' ಎಂದು ಹಾಕಿದಳು.

'ನೀವು ಬಹುಶಃ ಆಲೋಚಿಸಲು ಇಚ್ಛಿಸಬಹುದೇನೋ' ಎಂಬಲ್ಲಿ ಮಾತ್ರ ಬಹಳ ಹೊತ್ತು ನಿಂತಳು. "ಇದು ಸಲಹೆಯೋ ಅಪ್ಪಣೆಯೋ ಅಣ್ಣಾ?"

"ನನಗೇನು ಗೊತ್ತು. ದೊರೆಗಳು ಹಂಗೇ ಮಾತಾಡೋದು."

"ಮರಿ ಸಾಯ್ತದೆ ಅಂತ ಹೇಳಿ ಆಮೇಲೆ ಇಚ್ಛಿಸಬಹುದೇನೋ ಅಂತಾರಲ್ಲ. ಸಾಯೋ ವಿಷ್ಯದಲ್ಲಿ ಸಲಹೆ ಅನ್ನೋದು ಇರಲ್ಲ." 'ಕುಡಿಸಬೇಡಿ' ಎಂದು ಹೊಡೆದಳು.

ಭಾನುವಾರ ಬೆಳಿಗ್ಗೆ ಕದರಪ್ಪನನ್ನು ಹುಡುಕಿ ಕರೆತಂದೆ. ಆಂಜಿನಮ್ಮ ಹಾಳೆ ಕೊಟ್ಟು, "ಓದ್ಬುಟ್ಟು ನೀನು ನಾಳೆ ಏನ್ ಮಾಡ್ತೀಯ ಹೇಳಪ್ಪ," ಅಂದಳು. ಅರ್ಥವಾಯಿತಾ ಅಂತ ಕೇಳಲಿಲ್ಲ. ಅರ್ಥವಾಯಿತಾ ಅಂದರೆ ನಮ್ಮ ಕಡೆ ಯಾವನೂ ಇಲ್ಲ ಅನ್ನುವುದಿಲ್ಲ.

ಕದರಪ್ಪ ಮೊದಲ ಎರಡು ಸಾಲು ಓದಿ, ಹಾಳೆ ಮಡಚಿ ಜೇಬಿಗೆ ಹಾಕಿಕೊಂಡ. "ಏಂ ಲೇದಮ್ಮಾ, ಕೆಂಪು ಡಬ್ಬಿ ತಗಂಡೋಗಿ ಕುಡಿಸ್ತೀನಿ."

ಆಂಜಿನಮ್ಮ ಅವನ ಮೇಲೆ ಸಿಟ್ಟಾಗಲಿಲ್ಲ. ನಾನಾಗಿದ್ದರೆ ಬೈದುಬಿಡುತ್ತಿದ್ದೆ. ಹಾಳೆ ವಾಪಸು ತೆಗೆದುಕೊಂಡು ನೋಡಿದಳು. ಅವಳು ಉದ್ದನೆಯ ವಾಕ್ಯವನ್ನು ಕತ್ತರಿಸುವಾಗ, ಯಾರಿಗೆ ಕುಡಿಸಬಹುದು ಅನ್ನುವುದು ಎರಡನೇ ಸಾಲಿಗೂ, ಯಾರಿಗೆ ಕುಡಿಸಬಾರದು ಅನ್ನುವುದು ಐದನೇ ಸಾಲಿಗೂ ಹೋಗಿತ್ತು. ಟ್ರೆಂಬತ್ ಒಂದೇ ಉಸಿರಿನಲ್ಲಿ ಕಟ್ಟಿದ್ದ ಷರತ್ತು ಇವಳ ಕೈಯಲ್ಲಿ ಎರಡು ತುಂಡಾಗಿ ದೂರ ಬಿದ್ದಿತ್ತು. "ತಪ್ಪು ಅವನದಲ್ಲ, ನಂದು," ಎಂದು ಮತ್ತೆ ಯಂತ್ರಕ್ಕೆ ಕಾಗದ ಏರಿಸಿದಳು. ಈ ಸಲ ಬೇಡ ಅನ್ನುವ ಸಾಲು ಮೊದಲು ಬಂತು.

ಕದರಪ್ಪ ಓದಿದ. ತಲೆ ಕೆರೆದುಕೊಂಡ. "ಒಂದ್ ತಿಂಗಳಿಂದ ಟಗರು ಜತೆ ಇದ್ದ ಹೆಣ್ಣು ಕುರಿಗೆ ಬ್ಯಾಡ. ಸರೇ. ನಮ್ ಕಡೆ ಟಗರು ಎಪ್ಪುಡೂ ಮಂದೇಲೇ ಇರ್ತೈತಲ್ಲಮ್ಮಾ. ಯಾವುದು ಎಂದು ಗಬ್ಬ ಆತೋ ದ್ಯಾವರಿಗೇ ಗೊತ್ತು."

ಇಂಗ್ಲೆಂಡಿನಲ್ಲಿ ಟಗರುಗಳನ್ನು ಹೊತ್ತು ನೋಡಿ ಮಂದೆಗೆ ಬಿಟ್ಟು ಹೊತ್ತು ನೋಡಿ ಹೊರಗೆ ಎಳೆಯುತ್ತಾರಂತೆ. ಆ ಲೆಕ್ಕದಲ್ಲಿ ಬರೆದ ಮಾತು ಅದು. ನಮ್ಮಲ್ಲಿ ಟಗರು ಮನೆ ಯಜಮಾನನ ಹಾಗೆ ಮುನ್ನೂರ ಅರವತ್ತೈದು ದಿನವೂ ಮನೆಯಲ್ಲೇ. ಹಾಗಿದ್ದರೆ ಯಾವ ಹೆಣ್ಣು ಕುರಿಗೂ ಬೇಡ ಎಂದೇ ಅರ್ಥ.

"ಅಂಗೇ ಬರೆದುಬುಡು," ಅಂದೆ.

"ಅದು ಡಾಕ್ಟ್ರು ಹೇಳಿದ ಮಾತಲ್ಲವಲ್ಲ. ಅವರ ಬಾಯಲ್ಲಿ ನಾನು ಹೆಂಗೆ ಹಾಕಲಿ?" ಎಂದು ಯೋಚಿಸಿ, ವೈದ್ಯರ ಏಳು ಸಾಲುಗಳ ಕೆಳಗೆ ಒಂದು ಗೆರೆ ಹೊಡೆದು, 'ಇದು ಆಫೀಸಿನ ಟಿಪ್ಪಣಿ' ಎಂದು ಬೇರೆಯಾಗಿ ತೋರಿಸಿ ಎರಡು ಸಾಲು ಸೇರಿಸಿದಳು. ಎಲ್ಲ ಸೇರಿ ಒಂಬತ್ತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

ಇದು ಕೆಂಪು ಚೀಟಿಯ ಹೊಸ ಔಷಧಿಯ ವಿಷಯ. ಕಳೆದ ಒಂದು ತಿಂಗಳಲ್ಲಿ ಟಗರಿನ ಜೊತೆ ಇದ್ದ ಹೆಣ್ಣು ಕುರಿಗೆ ಇದನ್ನು ಕುಡಿಸಬೇಡಿ. ಹೊಟ್ಟೆಯಲ್ಲಿರುವ ಎಳೆ ಮರಿಗೆ ಇದರಿಂದ ಕೇಡಾಗಬಹುದು. ಟಗರಿಗೆ ಮತ್ತು ಹಾಲು ಬಿಟ್ಟ ಮರಿಗೆ ಕುಡಿಸಬಹುದು. ಉಳಿದ ಡಬ್ಬಿಗಳನ್ನು ಉಗ್ರಾಣದಲ್ಲಿ ಇಡಿ. ಬೇರೆ ಔಷಧಿ ಮಾರ್ಚ್ ಹತ್ತರ ಹೊತ್ತಿಗೆ ಬರುತ್ತದೆ. ಅದನ್ನು ಎಲ್ಲ ಕುರಿಗಳಿಗೂ ಕುಡಿಸಬಹುದು. ಗೆರೆಯ ಕೆಳಗೆ: ನಮ್ಮ ಮಂದೆಗಳಲ್ಲಿ ಟಗರು ವರ್ಷವಿಡೀ ಇರುತ್ತದೆ. ಆದ್ದರಿಂದ ಯಾವ ಹೆಣ್ಣು ಕುರಿಗೂ ಕುಡಿಸಬೇಡಿ.

ಕದರಪ್ಪ ಒಂದೇ ಸಲ ಓದಿ, "ಟಗರಿಗೆ, ಮರಿ ಪಿಲ್ಲಲಕು ಮಾತ್ರ. ಹೆಣ್ಣಿಗೆ ಬ್ಯಾಡ," ಅಂದ. ಆಮೇಲೆ ಹಾಳೆಯನ್ನು ತಿರುಗಿಸಿ ನೋಡಿದ. "ಸೈನ್ ಲೇದಮ್ಮಾ. ನಾನೂರು ತಲೆಗೂ ಕುಡಿಸು ಅನ್ನೋ ಆರ್ಡರಲ್ಲಿ ಪರ್ವತಯ್ಯನೋರ ಸೈನ್ ಐತೆ. ಇದರಾಗೆ ಯಾರದೂ ಇಲ್ಲ. ನನ್ ಕೆಲಸ ಹೋದ್ರೆ?"

ಅವನು ಹೇಳಿದ್ದು ನ್ಯಾಯ. ಪರ್ವತಯ್ಯನವರ ಮನೆಗೆ ಹೋದೆವು. ಅವರು ಹಾಳೆ ನೋಡಿ, ಮೂಗರ್ಜಿ ನೋಡಿದ್ದಕ್ಕಿಂತ ಹೆಚ್ಚು ಗಾಬರಿಯಾದರು.

"ಏನಮ್ಮ ಇದು? ಪ್ಲೀಸ್ ಇಲ್ಲ, ಕೈಂಡ್ಲಿ ಇಲ್ಲ, ಐ ಹ್ಯಾವ್ ದಿ ಆನರ್ ಇಲ್ಲ. ಕುಡಿಸಬೇಡಿ, ಇಡಿ! ಮೂಲದಲ್ಲಿ ಆ ಮನುಷ್ಯ ಎಷ್ಟು ಗೌರವವಾಗಿ ಬರೆದಿದ್ದಾನೆ. ಒಂದು ಅಕ್ಷರ ಅರ್ಥವಾಗದಿದ್ದರೂ ಓದುವಾಗ ಮರ್ಯಾದೆ ಕೊಟ್ಟ ಹಾಗೆ ಅನ್ನಿಸುತ್ತೆ. ಇದು ನಕಲೂ ಅಲ್ಲ. ನಕಲು ಅಂದರೆ ತಪ್ಪಿದ್ದರೆ ತಪ್ಪೂ ಇರಬೇಕು. ಇದಕ್ಕೆ ನಾನು ಸಹಿ ಹಾಕಲ್ಲ."

"ಕುರಿ ಗಬ್ಬ ಹೋಗ್ತವೆ ಸಾರ್," ಅಂದಳು ಆಂಜಿನಮ್ಮ.

"ಅದು ಸಹಿ ಇರೋ ಕಾಗದದಲ್ಲಿ ಬರಲಿ."

ಹೊರಗೆ ಬೀದಿಯಲ್ಲಿ ಅವಳು ನನ್ನ ಕಡೆ ತಿರುಗಿದಳು. "ಅಣ್ಣಾ, ಔಷಧಿ ನಿಮ್ಮ ಉಗ್ರಾಣದ್ದು. ನೀವು ಕಾಯಂ. ನೀವು ಹಾಕ್ತೀರಾ?"

ನಾನು ಜೇಬು ತಡಕಿದೆ. ಪೆನ್ನು ಜೇಬಿನಲ್ಲೇ ಇತ್ತು. "ತಡಿಯಮ್ಮ, ವಿಚಾರ ಮಾಡೋಣ," ಅಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನು ವಿಚಾರ ಮಾಡುತ್ತಾ ನಿಂತಿರುವಾಗಲೇ ಅವಳು ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು, ಬಿ. ಆಂಜಿನಮ್ಮ, ಟೈಪಿಸ್ಟ್ ಎಂದು ಬರೆದು ತಾರೀಖು ಹಾಕಿ ಕದರಪ್ಪನ ಕೈಗೆ ಕೊಟ್ಟಳು.

ಸೋಮವಾರ ಡಬ್ಬಿಗಳ ಜೊತೆ ಜೀಪಿನಲ್ಲಿ ನಾನೂ ಹೋದೆ. ಮದಲೂರು ಕೆರೆ ಏರಿಯ ಮೇಲೆ ಮೂವರು ಸಹಾಯಕರೂ ಆ ಹಾಳೆಯನ್ನು ಓದಿದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಟಗರು ಮತ್ತು ಮರಿಗಳನ್ನು ಒಂದು ಕಡೆ ಹಿಡಿದರು, ಹೆಣ್ಣು ಕುರಿಗಳನ್ನೆಲ್ಲ ಆಚೆ ಅಟ್ಟಿದರು. ಜಗಳ ತೆಗೆದವಳು ಹೊನ್ನಕ್ಕ ಒಬ್ಬಳೇ.

"ನನ್ ಹೆಣ್ಣು ಕುರಿ ಏನ್ ಪಾಪ ಮಾಡವೆ? ಗಂಡಾದೋಕೆ ಮಾತ್ರ ಔಷಧಿ, ಹೆಣ್ಣಾದೋಕೆ ಇಲ್ವಾ? ಇಲ್ಲೂ ಅದೇ ನ್ಯಾಯನಾ?"

"ಹೊಟ್ಟೇಲಿರೋ ಮರಿಗೆ ಆಗಲ್ಲ ಕಣಕ್ಕ," ಅಂದೆ ನಾನು.

"ಅಂಗಂತ ಒಂದ್ ಮಾತು ಮೊದಲೇ ಅನ್ನಬಾರದಾ? ಅದಕ್ಕೆ ಇಷ್ಟು ಜನ, ಒಂದು ಜೀಪು," ಎಂದು ಕುರಿಗಳನ್ನು ಹೊಡೆದುಕೊಂಡು ಹೋದಳು. ಅವಳ ಮಂದೆ ಆ ಸಲ ಮರಿಗಳಿಂದ ತುಂಬಿತು. ಕೊರಟಗೆರೆ ಕಡೆ ಅದಕ್ಕೆ ಹಿಂದಿನ ಬುಧವಾರ ನಾವು ಇದೇ ಔಷಧಿ ಕುಡಿಸಿದ್ದ ಒಂದು ಹಟ್ಟಿಯಲ್ಲಿ ಮಾರ್ಚ್ ಮುಗಿಯುವುದರೊಳಗೆ ಹನ್ನೊಂದು ಕುರಿ ಕಂದು ಹಾಕಿದವು. ಮಳೆಗಾಲದಲ್ಲಿ ನಾಲ್ಕು ಮರಿಗಳು ಕಾಲು ಸೊಟ್ಟಗಾಗಿ ಹುಟ್ಟಿ ಎರಡು ದಿನವೂ ಬಾಳಲಿಲ್ಲ. ನಾನೇ ಹೋಗಿ ನೋಡಿದೆ. ನೋಡಿ ಬಂದು ಅವತ್ತು ಊಟ ಮಾಡಲಿಲ್ಲ.

ಆಂಜಿನಮ್ಮನಿಗೆ ಮೆಮೊ ಬಂತು. ಟೈಪಿಸ್ಟ್ ಆಗಿರುವ ತಾವು ಅಧಿಕಾರವಿಲ್ಲದೆ ಆದೇಶ ಹೊರಡಿಸಿದ್ದಲ್ಲದೆ, ಪರದೇಶದ ತಜ್ಞರ ಭಾಷೆಯನ್ನು ಕೀಳಾಗಿಸಿದ್ದೇಕೆ ಎಂದು ಒಂದೂವರೆ ಪುಟ, ಒಂದೇ ವಾಕ್ಯ. ಅದನ್ನು ಟೈಪು ಮಾಡಲು ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವಳೇ ಟೈಪು ಮಾಡಿ, ಅವಳೇ ಪರ್ವತಯ್ಯನವರ ಸಹಿ ಪಡೆದು, ನನ್ನ ರವಾನೆ ವಹಿಯಲ್ಲಿ ತಾನೇ ಸಹಿ ಮಾಡಿ ತೆಗೆದುಕೊಂಡಳು. ಉತ್ತರ ಬರೆದದ್ದು ನಾಲ್ಕು ಸಾಲು: ಕಾಗದ ಓದಿದೆ. ಕುರಿಗಳಿಗೆ ಅಪಾಯವಿತ್ತು. ಓದುವವರಿಗೆ ತಿಳಿಯುವಂತೆ ಬರೆದೆ. ಬೇರೆ ಯಾರೂ ಸಹಿ ಹಾಕಲಿಲ್ಲ.

ಕೊರಟಗೆರೆಯಲ್ಲಿ ಕುರಿ ಕಂದು ಹಾಕಿದ ಸುದ್ದಿ ತಿಳಿದಮೇಲೂ ಸಾಹೇಬರು ಅವಳನ್ನು ಏಪ್ರಿಲ್ಲಿನಲ್ಲಿ ವಾಪಸು ತೆಗೆದುಕೊಳ್ಳಲಿಲ್ಲ. ಒಳ್ಳೆಯ ಹುಡುಗಿ, ಆದರೆ ಬರವಣಿಗೆಯಲ್ಲಿ ವಿನಯವಿಲ್ಲ ಅಂದರು. ಅವಳು ತಾಲ್ಲೂಕು ಕಚೇರಿಯ ಮುಂದೆ ಒಂದು ಹಳೆಯ ಯಂತ್ರ ಇಟ್ಟುಕೊಂಡು ಅರ್ಜಿ ಹೊಡೆಯುತ್ತಾ ಕೂತಳು. ಒಂದೆರಡು ವರ್ಷ ಕಳೆದು ಸಿಕ್ಕಾಗ ಚಹಾ ತರಿಸಿಕೊಟ್ಟಳು. ಕುಡಿಯುತ್ತಾ ನಾನು ತಡೆಯಲಾರದೆ, "ಅವತ್ತು ನಂಗೆ ಪೂರ್ತಿ ಅರ್ಥ ಆಗಿರಲಿಲ್ಲ ಕಣಮ್ಮ, ಅದಕ್ಕೇ ಸಹಿ ಹಾಕಲಿಲ್ಲ," ಅಂದೆ.

ಆಂಜಿನಮ್ಮ ಯಂತ್ರದಿಂದ ಕಣ್ಣೆತ್ತಲಿಲ್ಲ. "ಅಂಗಂದ್ರೆ ನಾನು ಸರಿಯಾಗಿ ಬರೆದಿರಲಿಲ್ಲ ಬುಡಿ ಅಣ್ಣಾ," ಅಂದಳು.

ಅವಳು ನಿಜವಾಗಿಯೂ ಹಾಗೆ ನಂಬಿದ್ದಳು. ಆ ಹಾಳೆಯಲ್ಲಿ ಯಾವ ಸಾಲು ತೊಡಕಾಗಿತ್ತು ಅಂತ ಹುಡುಕಲು ಶುರುಮಾಡಿಬಿಟ್ಟಳು. ಮೂವತ್ತು ವರ್ಷ ಅರ್ಥವಾಗದ ಸಾವಿರಾರು ಕಾಗದಗಳಿಗೆ ಕಣ್ಣು ಮುಚ್ಚಿ ಸಹಿ ಹಾಕಿದವನು ನಾನು. ಪೂರ್ತಿ ಅರ್ಥವಾದದ್ದು ಅದೊಂದೇ, ಅದಕ್ಕೇ ಕೈ ಏಳಲಿಲ್ಲ ಅಂತ ಅವಳಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಚಹಾ ಮುಗಿಸಿ ಎದ್ದು ಬಂದೆ.